ನಿರ್ಮಾಪಕರು, ನಿರ್ದೇಶಕರು, ಚಿತ್ರಕಥೆಗಾರರು: ಯಾರ ಕೆಲಸ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಹಾಯಕ ನಿರ್ದೇಶಕಿ. ಹೊಸದಾಗಿ ಪರಿಚಯವಾದವರಿಗೆ ನನ್ನ ಕೆಲಸ ಇದು ಅಂತ ಗೊತ್ತಾದರೆ ಸಾಕು, ಸಿನಿಮಾದಲ್ಲಿ ಯಾರು ಏನು ಮಾಡುತ್ತಾರೆ ಎಂಬ ಪ್ರಶ್ನೆಗಳು ಶುರುವಾಗುತ್ತವೆ. ವ್ಯಾಖ್ಯೆ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಇಲ್ಲಿ ನಾನು ಕೆಲಸ ಮಾಡಿದ ಒಂದೇ ಒಂದು ದೃಶ್ಯವನ್ನು ಹಿಡಿದುಕೊಂಡು, ಅದು ಮೂವರ ಕೈಯಲ್ಲಿ ಹೇಗೆ ಹಾದುಹೋಯಿತು ಎಂದು ಹೇಳುತ್ತೇನೆ.

ಮೊದಲು ಚುಟುಕಾಗಿ ಹೇಳಿ: ಮೂವರಲ್ಲಿ ಯಾರ ಕೆಲಸ ಏನು?

ತೆರೆಯ ಮೇಲೆ ಏನು ನಡೆಯಬೇಕು, ಯಾವುದರ ನಂತರ ಯಾವುದು ಎಂದು ಕಾಗದದ ಮೇಲೆ ಕಟ್ಟುವವರು ಚಿತ್ರಕಥೆಗಾರರು. ಅದು ಕಣ್ಣಿಗೆ ಹೇಗೆ ಕಾಣಬೇಕು, ಕಿವಿಗೆ ಹೇಗೆ ಕೇಳಬೇಕು, ನಟರು ಹೇಗೆ ನಡೆದುಕೊಳ್ಳಬೇಕು ಎಂದು ತೀರ್ಮಾನಿಸುವವರು ನಿರ್ದೇಶಕರು. ಕಥೆಯ ಹಕ್ಕು ಕೊಳ್ಳುವುದರಿಂದ ಹಿಡಿದು ಸಿನಿಮಾ ಬಿಡುಗಡೆಯಾಗುವವರೆಗೆ ಇಡೀ ಕೆಲಸ ನಿಲ್ಲದಂತೆ ನೋಡಿಕೊಳ್ಳುವವರು, ನಿಂತರೆ ಉತ್ತರ ಹೇಳಬೇಕಾದವರು ನಿರ್ಮಾಪಕರು. ಓದುವಾಗ ಗೆರೆ ಎಳೆದ ಹಾಗೆ ಕಾಣುತ್ತದೆ, ಸೆಟ್‌ನಲ್ಲಿ ಆ ಗೆರೆ ದಿನಕ್ಕೆ ಹತ್ತು ಸಲ ಅಳಿಸಿಹೋಗುತ್ತದೆ.

ಚಿತ್ರಕಥೆ ಬರೆಯುವುದು ಎಂದರೆ ಡೈಲಾಗ್ ಬರೆಯುವುದು ತಾನೇ?

ಅಲ್ಲ. ನಾನು ಹೇಳಹೊರಟ ದೃಶ್ಯದಲ್ಲಿ ಒಂದೇ ಒಂದು ಮಾತೂ ಇರಲಿಲ್ಲ. ನಮ್ಮ ಕೈಗೆ ಬಂದ ಸ್ಕ್ರಿಪ್ಟ್‌ನಲ್ಲಿ ಅದು ಹೆಚ್ಚುಕಡಿಮೆ ಹೀಗಿತ್ತು:

> ದೃಶ್ಯ 42. ಹೊರಾಂಗಣ. ಬಸ್ ನಿಲ್ದಾಣ. ರಾತ್ರಿ. ಮಳೆ.
>
> ಅಪ್ಪ, ಮಗಳು ಒಂದೇ ಕೊಡೆಯಡಿ ನಿಂತಿದ್ದಾರೆ. ಕೊಡೆ ಅಪ್ಪನ ಕೈಯಲ್ಲಿದೆ. ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದಾರೆ. ಕೊಡೆ ಮಗಳ ಕಡೆ ವಾಲಿದೆ. ಅಪ್ಪನ ಬಲಭುಜ ಪೂರ್ತಿ ತೊಯ್ದಿದೆ.
>
> ಬಸ್ಸು ಬರುತ್ತದೆ. ಮಗಳು ಹತ್ತುತ್ತಾಳೆ. ತಿರುಗಿ ನೋಡುವುದಿಲ್ಲ.
>
> ಸೀಟಿನಲ್ಲಿ ಕೂತವಳು ತನ್ನ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಒದ್ದೆಯೇ ಆಗಿಲ್ಲ. ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಬಸ್ಸು ಹೊರಟಿದೆ.

ಇದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. "ಅಪ್ಪನಿಗೆ ಮಗಳ ಮೇಲೆ ತುಂಬಾ ಪ್ರೀತಿ" ಎಂದು ಎಲ್ಲೂ ಬರೆದಿಲ್ಲ. ಕಾದಂಬರಿಯಲ್ಲಾದರೆ ಬರೆಯಬಹುದು. ಚಿತ್ರಕಥೆಯಲ್ಲಿ ಕ್ಯಾಮೆರಾಕ್ಕೆ ಕಾಣುವುದನ್ನು, ಮೈಕಿಗೆ ಕೇಳುವುದನ್ನು ಮಾತ್ರ ಬರೆಯಬೇಕು. ಪ್ರೀತಿ ಕಾಣುವುದಿಲ್ಲ, ತೊಯ್ದ ಭುಜ ಕಾಣುತ್ತದೆ. ಆ ಭುಜವನ್ನು ಹುಡುಕಿ ತೆಗೆಯುವುದು ಬರಹಗಾರರ ಕೆಲಸ, ಮಾತು ಹೆಣೆಯುವುದಕ್ಕಿಂತ ಕಷ್ಟದ ಕೆಲಸ.

ಮೇಲಿನ ಸಾಲು ಇಡೀ ಯೂನಿಟ್‌ಗೆ ಸೂಚನೆ. "ಹೊರಾಂಗಣ, ರಾತ್ರಿ, ಮಳೆ" ಎಂಬ ಮೂರು ಪದ ಓದಿದ ಕೂಡಲೇ ಪ್ರೊಡಕ್ಷನ್ ಮ್ಯಾನೇಜರ್ ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಯಾಕೆಂದು ಮುಂದೆ ಹೇಳುತ್ತೇನೆ.

ಚಿತ್ರಕಥೆಯ ಒಂದು ಪುಟ ಎಂದರೆ ತೆರೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕವೊಂದಿದೆ. ಇಡೀ ಸಿನಿಮಾದ ಸರಾಸರಿಗೆ ಅದು ಪರವಾಗಿಲ್ಲ, ಒಂದೊಂದೇ ದೃಶ್ಯಕ್ಕೆ ನಂಬುವಂತಿಲ್ಲ. ದೃಶ್ಯ 42 ಕಾಗದದಲ್ಲಿ ಅರ್ಧ ಪುಟವೂ ಇರಲಿಲ್ಲ, ತೆರೆಯ ಮೇಲೆ ಎರಡು ನಿಮಿಷಕ್ಕೆ ಹತ್ತಿರ ಬಂತು. ಮೌನಕ್ಕೆ ಕಾಗದದಲ್ಲಿ ಜಾಗ ಬೇಡ, ತೆರೆಯ ಮೇಲೆ ಬೇಕು.

ಕಥೆ, ಚಿತ್ರಕಥೆ, ಸಂಭಾಷಣೆ ಅಂತ ಬೇರೆ ಬೇರೆ ಹೆಸರು ಹಾಕುತ್ತಾರಲ್ಲ, ಯಾಕೆ?

ಮೂರೂ ಬೇರೆ ಕೆಲಸಗಳಾದ್ದರಿಂದ. ಮನೆ ಬಿಟ್ಟು ಹೊರಟ ಮಗಳು, ತಡೆಯಲಾರದ ಅಪ್ಪ: ಇದು ಕಥೆ. ಅದನ್ನು ನೂರು ಚಿಲ್ಲರೆ ದೃಶ್ಯಗಳಾಗಿ ಒಡೆದು, ಯಾವುದು ಮೊದಲು, ಯಾವ ವಿಷಯ ಪ್ರೇಕ್ಷಕರಿಗೆ ಯಾವಾಗ ಗೊತ್ತಾಗಬೇಕು ಎಂದು ಜೋಡಿಸಿದ್ದು ಚಿತ್ರಕಥೆ. ಪಾತ್ರಗಳ ಬಾಯಲ್ಲಿ ಬರುವುದು ಸಂಭಾಷಣೆ. ಭಾರತದ ಸಿನಿಮಾಗಳಲ್ಲಿ ಸಂಭಾಷಣೆಗೆ ಬೇರೆಯೇ ಹೆಸರು ಹಾಕುವ ರೂಢಿಯಿದೆ. ಹಾಲಿವುಡ್‌ನಲ್ಲಿ ಅದು ಚಿತ್ರಕಥೆಯೊಳಗೇ ಸೇರಿಹೋಗಿದೆ.

ಇನ್ನೊಂದು ಸೂಕ್ಷ್ಮ ಹೇಳಿಬಿಡುತ್ತೇನೆ, ಇದು ಗೊತ್ತಾದ ಮೇಲೆ ಟೈಟಲ್ ಓದುವುದೇ ಬೇರೆಯಾಗುತ್ತದೆ. ಅಮೆರಿಕದ ಬರಹಗಾರರ ಸಂಘದ ನಿಯಮದಂತೆ, ಇಬ್ಬರು ಬರಹಗಾರರ ಹೆಸರಿನ ನಡುವೆ & ಚಿಹ್ನೆ ಇದ್ದರೆ ಅವರು ಜೊತೆಯಾಗಿ ಕೂತು ಬರೆದವರು. ಅದೇ ಜಾಗದಲ್ಲಿ and ಎಂದು ಅಕ್ಷರದಲ್ಲಿದ್ದರೆ ಬೇರೆ ಬೇರೆಯಾಗಿ ಬರೆದವರು. ಸಾಮಾನ್ಯವಾಗಿ ಒಬ್ಬರು ಬರೆದದ್ದನ್ನು ಆಮೇಲೆ ಇನ್ನೊಬ್ಬರು ತಿದ್ದಿ ಬರೆದಿರುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡದೆಯೂ ಇರಬಹುದು.

ಎಲ್ಲವೂ ಕಾಗದದಲ್ಲೇ ಇದ್ದರೆ ನಿರ್ದೇಶಕರಿಗೆ ಏನು ಕೆಲಸ?

ಕಾಗದದಲ್ಲಿ "ಅಪ್ಪನ ಬಲಭುಜ ಪೂರ್ತಿ ತೊಯ್ದಿದೆ" ಎಂದಿದೆ. ಸರಿ. ಆದರೆ ಅದು ನಮಗೆ ಯಾವಾಗ ಕಾಣಬೇಕು?

ಆರಂಭದಲ್ಲೇ ತೋರಿಸಿದರೆ ಪ್ರೇಕ್ಷಕರು ಅಪ್ಪನ ಪಕ್ಷದಲ್ಲಿ ನಿಲ್ಲುತ್ತಾರೆ. ಮಗಳು ತಿರುಗಿ ನೋಡದೆ ಬಸ್ ಹತ್ತಿದಾಗ "ಎಂಥಾ ಕಲ್ಲು ಮನಸ್ಸು" ಅನ್ನಿಸುತ್ತದೆ. ಕೊನೆಗೆ ತೋರಿಸಿದರೆ, ಅಷ್ಟು ಹೊತ್ತು ನಾವೂ ಮಗಳ ಹಾಗೆಯೇ ಏನನ್ನೂ ಗಮನಿಸದೆ ನಿಂತಿದ್ದೆವು ಎಂಬುದು ಆಗ ಹೊಳೆಯುತ್ತದೆ. ಒಂದೇ ಭುಜ, ಒಂದೇ ಮಳೆ, ದೃಶ್ಯದ ಅರ್ಥವೇ ಬೇರೆ. ನಮ್ಮ ನಿರ್ದೇಶಕರು ಎರಡನೆಯದನ್ನು ಆರಿಸಿಕೊಂಡರು. ಆ ಒಂದು ತೀರ್ಮಾನದಿಂದ ಮಿಕ್ಕಿದ್ದೆಲ್ಲ ಹುಟ್ಟಿಕೊಂಡಿತು. ಕ್ಯಾಮೆರಾ ಮಗಳ ಪಕ್ಕದಲ್ಲೇ ಇರಬೇಕು. ಅಪ್ಪನ ಬಲಗಡೆ ಚೌಕಟ್ಟಿನಿಂದ ಹೊರಗಿರಬೇಕು. ಅವಳು ತನ್ನ ಹೆಗಲು ಮುಟ್ಟಿಕೊಂಡ ನಂತರವೇ, ಬಸ್ಸಿನ ಹಿಂದಿನ ಗಾಜಿನಿಂದ, ಚಿಕ್ಕದಾಗುತ್ತಾ ಹೋಗುವ ಅಪ್ಪ ಕಾಣಬೇಕು.

ಇನ್ನು ನಟನೆ. ಅಪ್ಪನ ಪಾತ್ರ ಮಾಡಿದ ಹಿರಿಯ ನಟರು ಮೊದಲ ರಿಹರ್ಸಲ್‌ನಲ್ಲಿ ಕಣ್ತುಂಬಿಕೊಂಡು ಮಗಳನ್ನೇ ನೋಡುತ್ತಿದ್ದರು. ಚೆನ್ನಾಗಿಯೇ ಮಾಡಿದ್ದರು, ಆದರೆ ದೃಶ್ಯ ಅಲ್ಲೇ ಮುಗಿದುಹೋಗುತ್ತಿತ್ತು, ಭುಜಕ್ಕೆ ಕೆಲಸವೇ ಉಳಿಯುತ್ತಿರಲಿಲ್ಲ. ನಿರ್ದೇಶಕರು "ಅಳಬೇಡಿ" ಎನ್ನಲಿಲ್ಲ, "ಸ್ವಲ್ಪ ಕಡಿಮೆ ಮಾಡಿ" ಎಂದೂ ಹೇಳಲಿಲ್ಲ. ಹತ್ತಿರ ಹೋಗಿ, "ಸರ್, ನೀವು ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೀರಿ. ಬರ್ತಿರೋ ಬಸ್ಸಿನ ಬೋರ್ಡ್ ಓದೋಕೆ ನೋಡಿ. ಅವಳದ್ದೇ ಬಸ್ಸಾ ಅಂತ" ಎಂದಷ್ಟೇ ಹೇಳಿದರು. ಮುಂದಿನ ಟೇಕ್‌ನಲ್ಲಿ ಅವರು ಕಣ್ಣು ಕಿರಿದು ಮಾಡಿ ಕತ್ತಲೆಯನ್ನು ನೋಡುತ್ತಾ ನಿಂತರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಟರಿಗೆ ಭಾವ ಹೇಳದೆ ಮಾಡಲು ಒಂದು ಕೆಲಸ ಕೊಡುವುದು ನಿರ್ದೇಶನದ ತಿರುಳು ಎಂದು ಅವತ್ತು ಕಲಿತೆ.

ನಿರ್ಮಾಪಕರು ಎಂದರೆ ದುಡ್ಡು ಹಾಕುವವರು, ಅಷ್ಟೇ ಅಲ್ಲವೇ?

ದುಡ್ಡು ಅವರದ್ದೇ ಆಗಿರಬಹುದು, ಸಾಲವಾಗಿರಬಹುದು, ಬೇರೆಯವರು ಹೂಡಿದ್ದಾಗಿರಬಹುದು. ದುಡ್ಡು ತರುವುದು ಅವರ ಕೆಲಸದ ಒಂದು ಭಾಗ. ಆ ದುಡ್ಡು ಮುಗಿಯುವುದರೊಳಗೆ ಸಿನಿಮಾ ಮುಗಿಯುವಂತೆ ಮಾಡುವುದು ಉಳಿದ ಭಾಗ.

ಈಗ ಆ ಮೂರು ಪದಗಳಿಗೆ ಬರೋಣ. ನಿಜವಾದ ಮಳೆಯಲ್ಲಿ ಶೂಟಿಂಗ್ ಮಾಡಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಮಳೆ ಹೇಳಿದ ಹೊತ್ತಿಗೆ ಬರುವುದಿಲ್ಲ, ಬಂದರೂ ಟೇಕ್‌ನಿಂದ ಟೇಕ್‌ಗೆ ಒಂದೇ ಹದದಲ್ಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹನಿಗಳ ಹಿಂದಿನಿಂದ ಬೆಳಕು ಬೀಳದಿದ್ದರೆ ಮಳೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಟ್ಯಾಂಕರ್‌ನಲ್ಲಿ ನೀರು ತಂದು, ಎತ್ತರದಿಂದ ಚಿಮ್ಮಿಸಿ, ಹಿಂದಿನಿಂದ ಲೈಟ್ ಹೊಡೆಯುತ್ತಾರೆ. ತೊಂದರೆ ಇರುವುದೂ ಇಲ್ಲೇ. ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸಿದರೆ, "ಹಿಂದೆ" ಇದ್ದದ್ದು "ಮುಂದೆ" ಆಗುತ್ತದೆ. ಲೈಟು, ಪೈಪು ಎಲ್ಲವನ್ನೂ ಕಿತ್ತು ಆ ಕಡೆ ಸಾಗಿಸಬೇಕು. ಅಷ್ಟರಲ್ಲಿ ಅರ್ಧ ರಾತ್ರಿ ಹೋಗಿರುತ್ತದೆ.

ಅಂಗಿಯದ್ದು ಇನ್ನೊಂದು ಕಥೆ. ಪ್ರತಿ ಟೇಕ್ ಶುರುವಾಗುವಾಗ ಅಪ್ಪನ ಎಡ ಭುಜ ಒಣಗಿರಬೇಕು, ಬಲ ಭುಜ ತೊಯ್ದಿರಬೇಕು. ಕೊಡೆ ಸ್ವಲ್ಪ ಅತ್ತಿತ್ತ ಆದರೂ ಅಂಗಿ ಪೂರ್ತಿ ನೆನೆಯುತ್ತದೆ. ಹಾಗಾಗಿ ಒಂದೇ ಥರದ ಎಂಟು ಅಂಗಿ ಬೇಕೆಂದು ವಸ್ತ್ರ ವಿಭಾಗದವರು ಪಟ್ಟಿ ಕೊಟ್ಟರು.

ಎಲ್ಲ ಸೇರಿಸಿದರೆ ಎರಡು ರಾತ್ರಿ. ಹಣೆಬರಹಕ್ಕೆ, ಹಿರಿಯ ನಟರ ಕಾಲ್‌ಶೀಟ್ ಇದ್ದದ್ದು ಒಂದೇ ರಾತ್ರಿ.

ನಮ್ಮ ನಿರ್ಮಾಪಕರು "ಮಳೆ ತೆಗೆದುಬಿಡಿ" ಎನ್ನಲಿಲ್ಲ. ಮೂವರೂ ಕೂತಾಗ ಅವರು ಕೇಳಿದ್ದು ಒಂದೇ: "ಈ ದೃಶ್ಯದಲ್ಲಿ ಯಾವುದು ಹೋದರೆ ದೃಶ್ಯವೇ ಹೋಗುತ್ತೆ?" ಬರಹಗಾರರು ತಕ್ಷಣ "ಒದ್ದೆ ಭುಜ" ಎಂದರು. ನಿರ್ದೇಶಕರು "ಅದು ತಡವಾಗಿ ಕಾಣಬೇಕು" ಎಂದರು. ಹಾಗಾದರೆ ಕೊಡೆ ಬೇಕೇಬೇಕಾ? ರಸ್ತೆ ತುಂಬಾ ಮಳೆ ಸುರಿಯಲೇಬೇಕಾ? ಅಲ್ಲಿಂದ ಮಾತು ಮುಂದುವರಿದು ದೃಶ್ಯ ಹೀಗಾಯಿತು.

ಮಳೆ ಆಗಷ್ಟೇ ನಿಂತಿದೆ. ಅಪ್ಪ, ಮಗಳು ತಗಡಿನ ತಂಗುದಾಣದೊಳಗೆ ನಿಂತಿದ್ದಾರೆ. ಸೂರು ಒಂದು ಕಡೆ ಸೋರುತ್ತಿದೆ. ಅದು ನಮಗೆ ಕಾಣುವುದಿಲ್ಲ, ಮಗಳ ಬ್ಯಾಗಿನ ಮೇಲೆ ಟಪ್ ಟಪ್ ಎಂದು ಹನಿ ಬೀಳುವ ಸದ್ದು ಮಾತ್ರ ಕೇಳುತ್ತದೆ. ಅಪ್ಪ ಸುಮ್ಮನೆ ಒಂದು ಹೆಜ್ಜೆ ಸರಿದು ನಿಲ್ಲುತ್ತಾನೆ. ಸದ್ದು ನಿಲ್ಲುತ್ತದೆ. ಬಸ್ಸು ಬರುತ್ತದೆ, ಮಗಳು ಹತ್ತುತ್ತಾಳೆ, ಬ್ಯಾಗ್ ಒರೆಸಲು ಕೈ ಹಾಕಿದರೆ ಎರಡೇ ಹನಿ. ಆಮೇಲೆ ಹಿಂದಿನ ಗಾಜಿನಲ್ಲಿ ಅಪ್ಪ, ಅವನ ಭುಜ.

ಟ್ಯಾಂಕರ್ ಬಂತು, ಆದರೆ ರಸ್ತೆ ನೆನೆಸಲು ಮಾತ್ರ. ಮಳೆಯ ಯಂತ್ರದ ಜಾಗಕ್ಕೆ ತೂತು ಕೊರೆದ ಒಂದು ಪೈಪ್ ಬಂತು. ಎಂಟಿದ್ದ ಅಂಗಿ ನಾಲ್ಕಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಪ್ಯಾಕಪ್.

ನಷ್ಟವೂ ಆಯಿತು, ಅದನ್ನು ಮುಚ್ಚಿಡಬಾರದು. ಸುರಿವ ಮಳೆಯಲ್ಲಿ ಬಸ್ಸಿನ ದೀಪಗಳು ದೂರದಿಂದ ಬರುವ ಒಂದು ದೊಡ್ಡ ಶಾಟ್ ನಿರ್ದೇಶಕರ ಮನಸ್ಸಿನಲ್ಲಿತ್ತು. ಅದು ಸಿಗಲಿಲ್ಲ. ಅದರ ನೋವು ಅವರಿಗೆ ಕೊನೆವರೆಗೂ ಇತ್ತು.

ಹಾಗಾದರೆ ಆ ಸೋರುವ ಸೂರು ಯಾರ ಕಲ್ಪನೆ?

ಸೂರು ಎಂದವರು ಬರಹಗಾರರು. ಸದ್ದು ಮಾತ್ರ ಸಾಕು ಎಂದವರು ನಿರ್ದೇಶಕರು. ಆ ಪ್ರಶ್ನೆ ಕೇಳದೇ ಹೋಗಿದ್ದರೆ ಎರಡೂ ಹುಟ್ಟುತ್ತಿರಲಿಲ್ಲ. ಮೂವರ ಹೆಸರೂ ಟೈಟಲ್‌ನಲ್ಲಿದೆ, ನನಗೆ ಅದು ಸರಿಯೆನಿಸುತ್ತದೆ.

ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಲೈನ್ ಪ್ರೊಡ್ಯೂಸರ್, ಸಹ ನಿರ್ಮಾಪಕ... ಇಷ್ಟೊಂದು ಜನ ಯಾಕೆ?

ಲೈನ್ ಪ್ರೊಡ್ಯೂಸರ್ ಎಂದರೆ ದಿನದಿನದ ಖರ್ಚು, ಲೊಕೇಶನ್, ಅನುಮತಿ, ವಾಹನ ನೋಡಿಕೊಳ್ಳುವವರು. ಮೇಲಿನ ಅಂಗಿಗಳ ಲೆಕ್ಕ ಅವರ ಮೇಜಿಗೇ ಹೋಗುವುದು. ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಎಂಬ ಹೆಸರಿಗೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಹಾಲಿವುಡ್ ಸಿನಿಮಾದಲ್ಲಿ ಹಲವು ಸಲ ಹಣ ಹೊಂದಿಸಿಕೊಟ್ಟವರಿಗೆ ಈ ಹೆಸರು ಸಿಗುತ್ತದೆ, ನಮ್ಮ ಕಡೆ ಹೆಚ್ಚಾಗಿ ನಿರ್ಮಾಪಕರ ಪರವಾಗಿ ಓಡಾಡಿ ಕೆಲಸ ಮಾಡಿಸುವವರಿಗೆ. ಕೆಲವು ಹೆಸರುಗಳು ಗೌರವಕ್ಕಾಗಿಯೋ ಒಪ್ಪಂದಕ್ಕಾಗಿಯೋ ಬಂದಿರುತ್ತವೆ. ಬರೀ ಟೈಟಲ್ ನೋಡಿ ಯಾರು ಎಷ್ಟು ದುಡಿದರು ಎಂದು ಹೇಳಲಾಗದು.

ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ನಿರ್ಮಾಪಕರು ತೆಗೆದುಕೊಳ್ಳುವುದನ್ನು ನೋಡಿ ಹಲವರಿಗೆ ಆಶ್ಚರ್ಯವಾಗುತ್ತದೆ. ಆರಂಭದಿಂದ ಕೊನೆವರೆಗೆ ಸಿನಿಮಾದ ಜೊತೆಗಿದ್ದವರು ಅವರೇ ಎಂಬುದು ಅದರ ಹಿಂದಿನ ತರ್ಕ. ಭಾರತದ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಗೌರವ ನಿರ್ಮಾಪಕರು, ನಿರ್ದೇಶಕರು ಇಬ್ಬರಿಗೂ ಸಲ್ಲುತ್ತದೆ.

ಜಗಳ ಬಂದರೆ ಕೊನೆಯ ಮಾತು ಯಾರದು?

ಒಪ್ಪಂದದಲ್ಲಿ ಏನು ಬರೆದಿದೆಯೋ ಅದು. ಸೆಟ್‌ನಲ್ಲಿ ಸಾಮಾನ್ಯವಾಗಿ ನಿರ್ದೇಶಕರ ಮಾತು ನಡೆಯುತ್ತದೆ. ಎಡಿಟಿಂಗ್ ಮೇಜಿನ ಮೇಲೆ ಕಥೆ ಬದಲಾಗುತ್ತದೆ. ಬಿಡುಗಡೆಯಾಗುವ ಅಂತಿಮ ಆವೃತ್ತಿಯನ್ನು ತೀರ್ಮಾನಿಸುವ ಅಧಿಕಾರಕ್ಕೆ ಫೈನಲ್ ಕಟ್ ಎನ್ನುತ್ತಾರೆ. ಅದು ಬಹುತೇಕ ನಿರ್ಮಾಪಕರ ಅಥವಾ ನಿರ್ಮಾಣ ಸಂಸ್ಥೆಯ ಕೈಯಲ್ಲಿರುತ್ತದೆ. ತೀರಾ ಬೇಡಿಕೆಯಿರುವ ಕೆಲವೇ ನಿರ್ದೇಶಕರಿಗೆ ಅದು ದಕ್ಕುತ್ತದೆ.

'ಬ್ಲೇಡ್ ರನ್ನರ್' ಇದಕ್ಕೆ ಸ್ಪಷ್ಟ ಉದಾಹರಣೆ. 1982ರಲ್ಲಿ ಅದು ಬಿಡುಗಡೆಯಾದಾಗ ನಾಯಕನ ಹಿನ್ನೆಲೆ ಮಾತು, ಸುಖಾಂತ್ಯ ಎರಡೂ ಇದ್ದವು. ಪ್ರಯೋಗ ಪ್ರದರ್ಶನ ನೋಡಿದವರಿಗೆ ಕಥೆ ಅರ್ಥವಾಗಲಿಲ್ಲವೆಂದು ಸೇರಿಸಿದ್ದು. 1992ರಲ್ಲಿ ಡೈರೆಕ್ಟರ್ಸ್ ಕಟ್ ಎಂದು ಬಂದ ಆವೃತ್ತಿಯಲ್ಲಿ ಎರಡೂ ಇಲ್ಲ. ನಿರ್ದೇಶಕ ರಿಡ್ಲಿ ಸ್ಕಾಟ್ ಪೂರ್ತಿ ತಮ್ಮಿಚ್ಛೆಯಂತೆ ಮಾಡಿದ ಆವೃತ್ತಿ ಬಂದದ್ದು 2007ರಲ್ಲಿ. 1982ರ ಮತ್ತು 2007ರ ಆವೃತ್ತಿಗಳನ್ನು ಒಂದರ ಹಿಂದೊಂದು ನೋಡಿ. ನಟರು ಅವರೇ, ಹೆಚ್ಚಿನ ಶಾಟ್‌ಗಳೂ ಅವೇ, ಆದರೂ ಕೊನೆಯ ಮಾತು ಯಾರದಾಗಿತ್ತು ಎಂಬುದು ಕಿವಿಗೇ ಕೇಳುತ್ತದೆ.

ಸಿನಿಮಾ ತಮ್ಮ ಕೈತಪ್ಪಿತು ಎನಿಸಿದ ಹಾಲಿವುಡ್ ನಿರ್ದೇಶಕರಿಗೆ ಒಂದು ಕಾಲಕ್ಕೆ ಇನ್ನೊಂದು ದಾರಿಯಿತ್ತು. ನಿರ್ದೇಶಕರ ಸಂಘ ಒಪ್ಪಿದರೆ ತಮ್ಮ ಹೆಸರು ತೆಗೆಸಿ ಆ ಜಾಗದಲ್ಲಿ ಅಲನ್ ಸ್ಮಿಥಿ ಎಂಬ ಕಲ್ಪಿತ ಹೆಸರು ಹಾಕಿಸಬಹುದಿತ್ತು. 1960ರ ದಶಕದ ಕೊನೆಯಿಂದ ಸುಮಾರು ಮೂರು ದಶಕ ಇದು ನಡೆಯಿತು.

ವೆಬ್ ಸರಣಿಗಳಲ್ಲಿ ನಿರ್ದೇಶಕರಿಗಿಂತ ಬರಹಗಾರರ ಹೆಸರೇ ಕೇಳಿಬರುತ್ತದೆ, ಯಾಕೆ?

ಅಮೆರಿಕದ ಮಾದರಿಯಲ್ಲಿ ಸರಣಿಯ ಚುಕ್ಕಾಣಿ ಶೋರನ್ನರ್ ಎಂಬವರ ಕೈಯಲ್ಲಿರುತ್ತದೆ. ಅವರು ಸಾಮಾನ್ಯವಾಗಿ ಮುಖ್ಯ ಬರಹಗಾರರೂ ಹೌದು, ಎಕ್ಸಿಕ್ಯೂಟಿವ್ ಪ್ರೊಡ್ಯೂಸರೂ ಹೌದು. ಸಂಚಿಕೆಯಿಂದ ಸಂಚಿಕೆಗೆ ನಿರ್ದೇಶಕರು ಬದಲಾಗಬಹುದು. ಹತ್ತಾರು ಗಂಟೆಯ ಕಥೆಯಲ್ಲಿ ಪಾತ್ರ ಮೊದಲ ಸಂಚಿಕೆಯಲ್ಲಿ ಹೇಳಿದ್ದನ್ನು ಎಂಟನೆಯದರಲ್ಲಿ ಮರೆಯಬಾರದು. ಅದನ್ನು ತಲೆಯಲ್ಲಿಟ್ಟುಕೊಂಡವರು ಬರಹಗಾರರೇ ಆದ್ದರಿಂದ ಅಧಿಕಾರವೂ ಅವರ ಬಳಿ ಹೋಗಿದೆ.

ಒಬ್ಬರೇ ಮೂರೂ ಕೆಲಸ ಮಾಡಿದರೆ?

ಮಾಡುತ್ತಾರೆ. ಮೂರನ್ನೂ ತೂಗಿಸಿಕೊಂಡು ಹೋಗುವವರಿದ್ದಾರೆ. ಆದರೆ ಅಲ್ಲಿ ಯಾವುದು ತಪ್ಪಿಹೋಗುತ್ತದೆ ಎಂದರೆ, "ಯಾವುದು ಹೋದರೆ ದೃಶ್ಯವೇ ಹೋಗುತ್ತೆ?" ಎಂದು ಎದುರು ಕೂತು ಕೇಳುವ ಮನುಷ್ಯ. ಬರೆದವರಿಗೆ ತಮ್ಮ ಪ್ರತಿ ಸಾಲೂ ಬೇಕು, ಚಿತ್ರೀಕರಿಸಿದವರಿಗೆ ಪ್ರತಿ ಶಾಟೂ ಬೇಕು. ಇಂಥ ಸಿನಿಮಾಗಳು ಹಲವು ಸಲ ಉದ್ದವಾಗುವುದು ಅದಕ್ಕೇ. ಮೂರೂ ಕೆಲಸ ಮಾಡುವ ಜಾಣರು ಒಬ್ಬ ಗಟ್ಟಿ ಎಡಿಟರನ್ನು ಪಕ್ಕದಲ್ಲಿಟ್ಟುಕೊಂಡು ಅವರ ಮಾತು ಕೇಳುತ್ತಾರೆ.

ಸಿನಿಮಾ ನೋಡುವಾಗ ತಪ್ಪು ಯಾರದ್ದು ಎಂದು ನಾವು ಗುರುತಿಸಬಹುದೇ?

ಅಂದಾಜು ಮಾಡಬಹುದು, ಖಚಿತವಾಗಿ ಹೇಳಲಾಗದು.

ಒಂದೊಂದು ದೃಶ್ಯವೂ ಚೆನ್ನಾಗಿದ್ದು, ಅವುಗಳಲ್ಲಿ ಒಂದನ್ನು ಎತ್ತಿ ಬೇರೆ ಕಡೆ ಇಟ್ಟರೂ ಏನೂ ಆಗುವುದಿಲ್ಲ ಎನಿಸಿದರೆ ಚಿತ್ರಕಥೆಯನ್ನು ಅನುಮಾನಿಸಿ. ಹಿಂದಿನ ದೃಶ್ಯದಿಂದ ಮುಂದಿನದು ಹುಟ್ಟುತ್ತಿಲ್ಲ ಎಂದರ್ಥ. ಕಣ್ಣಾರೆ ಕಂಡದ್ದನ್ನೇ ಪಾತ್ರಗಳು ಬಾಯಲ್ಲೂ ಹೇಳುತ್ತಿದ್ದರೆ ಅದೂ ಅಲ್ಲಿಯದೇ.

ಸಂದರ್ಭ ಗಟ್ಟಿಯಾಗಿದ್ದೂ ಎಲ್ಲಿ ನೋಡಬೇಕು ಎಂದು ತಿಳಿಯದಿದ್ದರೆ, ಒಂದೇ ದೃಶ್ಯದಲ್ಲಿ ಒಬ್ಬ ನಟರು ನಾಟಕದ ಧಾಟಿಯಲ್ಲಿ, ಇನ್ನೊಬ್ಬರು ಪಿಸುಮಾತಿನಲ್ಲಿ ಅಭಿನಯಿಸುತ್ತಿದ್ದರೆ ನಿರ್ದೇಶನದ ಕಡೆ ನೋಡಿ. ಎಲ್ಲರನ್ನೂ ಒಂದೇ ಶ್ರುತಿಗೆ ತರುವುದು ಅವರ ಹೊಣೆ.

ನಿರ್ಮಾಣದ ಒತ್ತಡ ಗುರುತಿಸುವುದು ಇನ್ನೂ ಕುತೂಹಲದ್ದು. ಕಥೆಯಲ್ಲಿ ದೊಡ್ಡದಾಗಿ ನಡೆಯಬೇಕಾದ ಘಟನೆಯನ್ನು ಯಾರೋ ಬಂದು ಬಾಯಿಮಾತಿನಲ್ಲಿ ಹೇಳಿಹೋಗುತ್ತಾರೆ. ಮುಖ್ಯ ಪಾತ್ರವೊಂದು ಇದ್ದಕ್ಕಿದ್ದಂತೆ ಫೋನಿನಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಒಟ್ಟಿಗೆ ಮಾತಾಡುವ ಇಬ್ಬರು ಒಂದೇ ಚೌಕಟ್ಟಿನಲ್ಲಿ ಒಮ್ಮೆಯೂ ಬರುವುದಿಲ್ಲ, ಬರೀ ಒಬ್ಬರಾದ ಮೇಲೆ ಒಬ್ಬರ ಮುಖ. ಬಹುಶಃ ಇಬ್ಬರ ಕಾಲ್‌ಶೀಟ್ ಒಂದೇ ದಿನ ಹೊಂದಲಿಲ್ಲ. ಆದರೆ ಇದೇ ಗುರುತುಗಳು ನಿರ್ದೇಶಕರು ಬೇಕೆಂದೇ ಮಾಡಿದ್ದೂ ಆಗಿರಬಹುದು. ನಮ್ಮ ದೃಶ್ಯ 42ರಲ್ಲಿ ಸುರಿವ ಮಳೆ ಕಾಣುವುದಿಲ್ಲ. ಅದನ್ನು ನೋಡಿದವರೊಬ್ಬರು ನನ್ನ ಬಳಿ ಬಂದು, "ಮಳೆ ತೋರಿಸದೇ ಬರೀ ಹನಿಯ ಸದ್ದು ಕೇಳಿಸಿದ್ರಲ್ಲ, ಅದು ಮೊದಲಿಂದಲೂ ಹಾಗೇ ಬರೆದಿದ್ದಾ?" ಎಂದು ಕೇಳಿದರು. ಅವರನ್ನು ಕೂರಿಸಿಕೊಂಡು ಆ ರಾತ್ರಿಯ ಕಥೆಯನ್ನೆಲ್ಲ ಹೇಳಿದೆ.